ಸತು ಬೇಗ ಹಾಳಾಗುವ ಲೋಹವಾದರೆ ಕಬ್ಬಿಣವನ್ನು ಹೇಗೆ ಕಾಯುತ್ತದೆ?

ಪ್ರಶ್ನೆ: ಸರ್, ನಾನು ರಾಜಾಜಿನಗರದವಳು, ಹತ್ತನೇ ಕ್ಲಾಸು. ಕೆಮಿಸ್ಟ್ರಿ ಅಸೈನ್‌ಮೆಂಟ್‌ಗೆ ಸತುವಿನ ಉದ್ಧರಣೆ, ಕಬ್ಬಿಣದ ತುಕ್ಕು ತಡೆಯುವುದು ಎರಡೂ ಬರೆಯಬೇಕು. ಕ್ರಿಯಾಶೀಲತೆಯ ಸರಣಿಯಲ್ಲಿ ಸತು ಕಬ್ಬಿಣಕ್ಕಿಂತ ಮೇಲಿದೆ. ಹಾಗಾದ್ರೆ ಅದೇ ಮೊದಲು ಹಾಳಾಗಬೇಕು ಅಲ್ವಾ? ಅದನ್ನೇ ಕಬ್ಬಿಣಕ್ಕೆ ಯಾಕೆ ಲೇಪಿಸುತ್ತಾರೆ? ಮತ್ತೆ ಮೊಳೆ ಪ್ರಯೋಗ ಮಾಡಿದೆ. ಕುದಿಸಿದ ನೀರಿನ ಮೇಲೆ ಎಣ್ಣೆ ಹಾಕಿದ ಟ್ಯೂಬ್‌ನಲ್ಲೂ ನಾಲ್ಕನೇ ದಿನ ತುಕ್ಕು ಬಂತು. ಬರಲಿಲ್ಲ ಅಂತ ಬರೆದುಬಿಡಲಾ?

ಉತ್ತರ:

ಕೊನೆಯ ಪ್ರಶ್ನೆಗೆ ಮೊದಲು ಹೇಳುತ್ತೇನೆ. ಹಾಗೆ ಬರೆಯಬೇಡ. ತುಕ್ಕು ಬಂತು ಅಂದರೆ ಬಂತು ಅಂತಲೇ ಬರಿ. ಅದು ಯಾಕೆ ಬಂತು ಅಂತ ಲೆಕ್ಕ ಹಾಕಿ ತೋರಿಸಬಹುದು. ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಸತುವಿನ ವಿಷಯ. ನಾನು ಪೀಣ್ಯದಲ್ಲಿ ಕಬ್ಬಿಣಕ್ಕೆ ಸತು ಲೇಪಿಸುವ ಕೆಲಸದಲ್ಲಿ ಬಹಳ ವರ್ಷ ಇದ್ದವನು. ಅಲ್ಲಿಗೆ ಹೊಸದಾಗಿ ಬಂದ ಡಿಪ್ಲೊಮಾ ಹುಡುಗರೂ ಇದನ್ನೇ ಕೇಳುತ್ತಿದ್ದರು. "ಅದೇ ಮೊದಲು ಹಾಳಾಗಬೇಕು ಅಲ್ವಾ" ಅಂದೆಯಲ್ಲ, ಅದರಲ್ಲಿ "ಮೊದಲು" ಮತ್ತು "ಬೇಗ" ಅನ್ನೋ ಎರಡು ಮಾತು ಒಂದಕ್ಕೊಂದು ಬೆರೆತುಹೋಗಿವೆ. ಸರಣಿ ಹೇಳುವುದು "ಮೊದಲು ಯಾರು" ಅನ್ನೋದನ್ನು ಮಾತ್ರ. ಎರಡು ಲೋಹ ಒಂದನ್ನೊಂದು ಮುಟ್ಟಿಕೊಂಡು ಒದ್ದೆಯಾಗಿ ಕೂತಾಗ ಎಲೆಕ್ಟ್ರಾನು ಮೊದಲು ಬಿಟ್ಟುಕೊಡುವವರು ಯಾರು ಅಂತ ಅದು ಹೇಳುತ್ತದೆ. ಎಷ್ಟು ಬೇಗ ಸವೆಯುತ್ತದೆ ಅನ್ನೋದನ್ನು ಹೇಳುವುದಿಲ್ಲ. ಸತು ಮೊದಲು ಬಿಟ್ಟುಕೊಡುತ್ತದೆ, ಆದರೆ ನಿಧಾನವಾಗಿ ಸವೆಯುತ್ತದೆ. ಸತು ಲೇಪಿಸಿದ ಕಬ್ಬಿಣದ ತಗಡಿನ, ಅಂದರೆ ಜಿಐ ಶೀಟಿನ ಗುಟ್ಟು ಇಷ್ಟೇ.

ಅಸೈನ್‌ಮೆಂಟ್‌ನ ಮೊದಲ ಭಾಗದಿಂದ, ಅಂದರೆ ಉದ್ಧರಣೆಯಿಂದ ಶುರು ಮಾಡೋಣ. ಅಲ್ಲಿ ಕಾಣುವ ಗುಣವೇ ಇಲ್ಲಿ ಕೆಲಸಕ್ಕೆ ಬರುತ್ತದೆ.

ಸತುವಿನ ಮುಖ್ಯ ಅದಿರು ಸತುವಿನ ಸಲ್ಫೈಡ್, ZnS. ಇದನ್ನು ನೇರವಾಗಿ ಇದ್ದಿಲಿನ ಜೊತೆ ಕಾಯಿಸಿದರೆ ಲೋಹ ಸಿಗುವುದಿಲ್ಲ. ಮೊದಲು ಧಾರಾಳ ಗಾಳಿಯಲ್ಲಿ ಹುರಿದು ಆಕ್ಸೈಡ್ ಮಾಡಿಕೊಳ್ಳಬೇಕು:

2ZnS + 3O₂ → 2ZnO + 2SO₂

ಅದಿರು ಕಾರ್ಬೊನೇಟ್ ಆಗಿದ್ದರೆ ಗಾಳಿ ಹೆಚ್ಚು ಬೇಡ, ಕಾಸಿದರೆ ಸಾಕು:

ZnCO₃ → ZnO + CO₂

ಹುರಿಯುವುದು, ಕಾಸುವುದು ಎರಡರ ವ್ಯತ್ಯಾಸ ಕೇಳಿದರೆ ಇಷ್ಟು ಬರೆದರೆ ಸಾಕು: ಒಂದರಲ್ಲಿ ಆಮ್ಲಜನಕ ಒಳಗೆ ಹೋಗಬೇಕು, ಇನ್ನೊಂದರಲ್ಲಿ ಇಂಗಾಲದ ಡೈಆಕ್ಸೈಡ್ ಹೊರಗೆ ಬರಬೇಕು. ಆಮೇಲಿನ ಹೆಜ್ಜೆ ಅಪಕರ್ಷಣೆ:

ZnO + C → Zn + CO

ಕಾಗದದ ಮೇಲೆ ಇದು ಒಂದೇ ಸಾಲು. ಆದರೆ ಒಲೆಯಲ್ಲಿ ಇದೇ ಅತಿ ಕಷ್ಟದ ಭಾಗ. ನಿನ್ನ ಉತ್ತರ ಬೇರೆಯವರ ಉತ್ತರಕ್ಕಿಂತ ಚೆನ್ನಾಗಿರಬೇಕು ಅಂದರೆ ಇಲ್ಲಿ ನಾಲ್ಕು ಸಾಲು ಜಾಸ್ತಿ ಬರಿ. ಸತು ಆಮ್ಲಜನಕವನ್ನು ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ, ಕಬ್ಬಿಣಕ್ಕಿಂತ ಗಟ್ಟಿಯಾಗಿ. ಅದನ್ನು ಇದ್ದಿಲು ಕಿತ್ತುಕೊಳ್ಳಬೇಕಾದರೆ ಸುಮಾರು 950 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಆದರೆ ಸತು ಕುದಿಯುವುದು 907 ಡಿಗ್ರಿಗೆ! ಅಂದರೆ ಲೋಹ ಹುಟ್ಟುವಾಗಲೇ ಆವಿಯಾಗಿ ಹುಟ್ಟುತ್ತದೆ. ಕಬ್ಬಿಣದ ಹಾಗೆ ಒಲೆಯ ತಳದಲ್ಲಿ ಕೂತು ಸಿಗುವುದಿಲ್ಲ, ಹೊಗೆಯ ಜೊತೆ ಹೊರಟುಹೋಗುತ್ತದೆ. ಹೋಗುವ ದಾರಿಯಲ್ಲಿ ತಣ್ಣಗಾಗುವಾಗ ಗಾಳಿಯೋ ಇಂಗಾಲದ ಡೈಆಕ್ಸೈಡೋ ಸಿಕ್ಕಿದರೆ ಮತ್ತೆ ಬಿಳಿ ಪುಡಿಯಾಗಿ, ಅಂದರೆ ಅದೇ ZnO ಆಗಿ ಬಿದ್ದುಹೋಗುತ್ತದೆ. ಪಟ್ಟ ಶ್ರಮವೆಲ್ಲ ನೀರಿನಲ್ಲಿ ಹೋಮ ಮಾಡಿದ ಹಾಗೆ.

ಈ ತೊಂದರೆಗೆ ರಾಜಸ್ಥಾನದ ಜಾವರ್‌ನಲ್ಲಿ ನಮ್ಮವರು ನೂರಾರು ವರ್ಷಗಳ ಹಿಂದೆಯೇ ದಾರಿ ಹುಡುಕಿದ್ದರು. ಬದನೆಕಾಯಿ ಆಕಾರದ ಮಣ್ಣಿನ ಕುಡಿಕೆಯಲ್ಲಿ ಅದಿರು, ಇದ್ದಿಲು ತುಂಬಿ, ಬಾಯಿಗೆ ಮಣ್ಣಿನ ಕೊಳವೆ ಸೇರಿಸಿ, ಕುಡಿಕೆಯನ್ನು ತಲೆಕೆಳಗಾಗಿ ಇಡುತ್ತಿದ್ದರು. ಬೆಂಕಿ ಮೇಲೆ, ಕೊಳವೆ ಕೆಳಗಿನ ತಣ್ಣಗಿನ ಕೋಣೆಯಲ್ಲಿ. ಒಂದು ಒಲೆಗೆ ಸಾಲಾಗಿ 36 ಕುಡಿಕೆ. ಆವಿಗೆ ಮೇಲೆ ಹೋಗಲು ದಾರಿಯೇ ಇಲ್ಲ. ಅದು ಕೊಳವೆಯಲ್ಲಿ ಕೆಳಗೆ ಇಳಿದು, ಗಾಳಿ ಮುಟ್ಟುವ ಮೊದಲೇ ತಣ್ಣಗಾಗಿ ಹನಿಯಾಗಿ ಬೀಳುತ್ತದೆ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ವಿಲಿಯಂ ಚಾಂಪಿಯನ್ ಸತು ಬಟ್ಟಿ ಇಳಿಸುವ ವಿಧಾನಕ್ಕೆ ಪೇಟೆಂಟ್ ಪಡೆದದ್ದು 1738ರಲ್ಲಿ, ಜಾವರ್‌ನ ಒಲೆಗಳು ಅದಕ್ಕಿಂತ ಬಹಳ ಹಿಂದಿನವು. ಈ ಚಿತ್ರವನ್ನು ಅಸೈನ್‌ಮೆಂಟ್‌ನಲ್ಲಿ ಕೈಯಲ್ಲೇ ಬಿಡಿಸು. ಸಮೀಕರಣಕ್ಕಿಂತ ಅದು ಜಾಸ್ತಿ ಹೇಳುತ್ತದೆ.

ಇನ್ನೊಂದು ಮಾತನ್ನೂ ಸೇರಿಸು. ಪುಸ್ತಕದಲ್ಲಿ ಇದ್ದಿಲಿನ ವಿಧಾನ ಮಾತ್ರ ಇರಬಹುದು, ಆದರೆ ಇವತ್ತು ಸತುವಿನ ಹೆಚ್ಚಿನ ಪಾಲು ಬರುವುದು ವಿದ್ಯುತ್ತಿನಿಂದ. ಹುರಿದ ಅದಿರನ್ನು ಸಲ್ಫ್ಯೂರಿಕ್ ಆಮ್ಲದಲ್ಲಿ ಕರಗಿಸಿ, ಶುದ್ಧ ಮಾಡಿ, ಆ ದ್ರಾವಣದಲ್ಲಿ ಕರೆಂಟ್ ಹರಿಸುತ್ತಾರೆ. ಅಲ್ಯೂಮಿನಿಯಂ ತಗಡಿನ ಮೇಲೆ ಸತು ಕೂರುತ್ತದೆ, ಅದನ್ನು ಸುಲಿದು ತೆಗೆಯುತ್ತಾರೆ.

ಈಗ ಎರಡೂ ಭಾಗ ಸೇರುವ ಜಾಗಕ್ಕೆ ಬಂದೆವು. ಒಲೆಯಲ್ಲಿ ಸತುವಿನಿಂದ ಆಮ್ಲಜನಕ ಬಿಡಿಸಲು ಅಷ್ಟು ಕಷ್ಟ ಯಾಕಾಯಿತು? ಎಲೆಕ್ಟ್ರಾನು ಕೊಟ್ಟು ಕೂತಿದ್ದ ಸತುವಿಗೆ ಅದನ್ನು ವಾಪಸ್ ತುಂಬಬೇಕಿತ್ತು, ಅದು ಸುಲಭಕ್ಕೆ ತೆಗೆದುಕೊಳ್ಳುವುದಿಲ್ಲ. ಬಲವಂತವಾಗಿ ತುಂಬಿದ್ದನ್ನು ಅದು ಅವಕಾಶ ಸಿಕ್ಕ ಕೂಡಲೇ ಮತ್ತೆ ಕೊಡಲು ತಯಾರಾಗಿರುತ್ತದೆ. ಜಿಐ ಶೀಟಿನ ಮೇಲೆ ಗೀರು ಬಿದ್ದಾಗ ನಮಗೆ ಬೇಕಾಗಿರುವುದೇ ಅದು.

ನಿಮ್ಮ ಮನೆಯ ಮೇಲೆ ಜಿಐ ಶೀಟ್ ಹಾಕಿದ್ದಾರೆ, ಮೇಸ್ತ್ರಿ ಹತ್ತುವಾಗ ಏನೋ ತಾಗಿ ಒಂದು ಗೀರು ಬಿತ್ತು ಅಂದುಕೋ. ಗೀರಿನೊಳಗೆ ಬೋಳು ಕಬ್ಬಿಣ, ಅಕ್ಕಪಕ್ಕ ಸತು. ಮಳೆ ನೀರು ಎರಡನ್ನೂ ಮುಚ್ಚಿದೆ. ನೀರಿನಲ್ಲಿ ಕರಗಿರುವ ಆಮ್ಲಜನಕಕ್ಕೆ ಎಲೆಕ್ಟ್ರಾನು ಬೇಕು. ಕಬ್ಬಿಣ ಒಂದೇ ಇದ್ದಿದ್ದರೆ ಅದೇ ಕೊಡಬೇಕಿತ್ತು, ತುಕ್ಕು ಬರುತ್ತಿತ್ತು. ಈಗ ಪಕ್ಕದಲ್ಲಿ ಸತು ಇದೆ. ಸತು ತನ್ನ ಎಲೆಕ್ಟ್ರಾನನ್ನು ಲೋಹದೊಳಗಿಂದಲೇ ಕಬ್ಬಿಣಕ್ಕೆ ದಾಟಿಸುತ್ತದೆ, ಆಮ್ಲಜನಕ ಅದನ್ನು ಕಬ್ಬಿಣದ ಮೇಲಿಂದ ಎತ್ತಿಕೊಳ್ಳುತ್ತದೆ. ಕಬ್ಬಿಣ ಬರೀ ದಾರಿ, ಕೈಬಿಡುವುದು ಸತು:

Zn → Zn²⁺ + 2e⁻
O₂ + 2H₂O + 4e⁻ → 4OH⁻

ಅಂಕಿಯಲ್ಲಿ ಬರೆಯಬೇಕಾದರೆ ಸತುವಿನ ಪ್ರಮಾಣಿತ ವಿಭವ -0.76 ವೋಲ್ಟ್, ಕಬ್ಬಿಣದ್ದು -0.44, ತವರದ್ದು -0.14. ಹೆಚ್ಚು ಋಣವಾಗಿರುವುದೇ ಮೊದಲು ಕೊಡುತ್ತದೆ. ಈ ಮೂರು ಅಂಕಿಯಿಂದಲೇ ತವರದ ಡಬ್ಬಿಯ ಕಥೆಯೂ ತಿಳಿಯುತ್ತದೆ. ತವರ ಬಳಿದ ಡಬ್ಬಿ ಗೀರಿಲ್ಲದಾಗ ಚೆನ್ನಾಗಿರುತ್ತದೆ. ಗೀರು ಬಿದ್ದರೆ ಅಲ್ಲಿ ಕೊಡುವವನು ಕಬ್ಬಿಣ, ತವರ ಬರೀ ದಾರಿ. ಅಂಥ ಗೀರಿನಲ್ಲಿ ತುಕ್ಕು ಬೋಳು ಕಬ್ಬಿಣಕ್ಕಿಂತಲೂ ಜೋರಾಗಿ ಬರಬಹುದು. ಎರಡೂ ಲೇಪನವೇ, ಆದರೆ ಗೀರಿದ ಮೇಲೆ ಒಂದು ಕಾಯುತ್ತದೆ, ಇನ್ನೊಂದು ಕೊಲ್ಲುತ್ತದೆ.

ಸತುವಿನ ಈ ಗುಣವನ್ನು ನಮ್ಮ ಕೋಲಾರದ ಚಿನ್ನದ ಗಣಿಯಲ್ಲೂ ಬಳಸಿದ್ದರು. ಅದಿರಿನ ಪುಡಿಯಿಂದ ಚಿನ್ನವನ್ನು ಸಯನೈಡ್ ದ್ರಾವಣದಲ್ಲಿ ಕರಗಿಸಿ ತೆಗೆದ ಮೇಲೆ, ಆ ದ್ರಾವಣಕ್ಕೆ ಸತು ಹಾಕುವುದು ಈ ವಿಧಾನ. ಸತು ಎಲೆಕ್ಟ್ರಾನು ಕೊಟ್ಟು ಕರಗುತ್ತದೆ, ಅದನ್ನು ತೆಗೆದುಕೊಂಡು ಚಿನ್ನ ಪುಡಿಯಾಗಿ ಕೆಳಗೆ ಬೀಳುತ್ತದೆ. ಅಲ್ಲಿ ಎಲೆಕ್ಟ್ರಾನು ಚಿನ್ನಕ್ಕೆ, ನಿನ್ನ ಮನೆಯ ಶೀಟಿನ ಮೇಲೆ ಆಮ್ಲಜನಕಕ್ಕೆ. ಕೊಡುವ ಕೈ ಒಂದೇ. ಉದ್ಧರಣೆ, ತುಕ್ಕು ತಡೆ ಎರಡನ್ನೂ ಒಂದೇ ಅಸೈನ್‌ಮೆಂಟ್‌ನಲ್ಲಿ ಕೊಟ್ಟಿದ್ದಾರಲ್ಲ, ಎರಡಕ್ಕೂ ಗಂಟು ಹಾಕಲು ನನಗೆ ಇದಕ್ಕಿಂತ ಒಳ್ಳೆ ಉದಾಹರಣೆ ಗೊತ್ತಿಲ್ಲ.

ಸರಿ, ಸತು ಮೊದಲು ಕೊಡುತ್ತದೆ. ನಿಧಾನವಾಗಿ ಯಾಕೆ ಸವೆಯುತ್ತದೆ? ಹೊಸ ಶೀಟ್ ಪಳಪಳ ಅನ್ನುತ್ತದೆ, ಆರು ತಿಂಗಳು ಕಳೆದರೆ ಬೂದು ಬಣ್ಣಕ್ಕೆ ತಿರುಗುತ್ತದೆ. ಆ ಬೂದು ಪದರವೇ ಕಾರಣ. ಸತುವಿನ ಮೇಲೆ ಮೊದಲು ಆಕ್ಸೈಡ್, ಹೈಡ್ರಾಕ್ಸೈಡ್ ಕೂರುತ್ತದೆ, ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಅದು ಕಾರ್ಬೊನೇಟ್ ಆಗುತ್ತದೆ. ಅದು ಸುಲಭವಾಗಿ ಕರಗಲ್ಲ, ಕೆಳಗಿನ ಲೋಹಕ್ಕೆ ಅಂಟಿಕೊಂಡಿರುತ್ತದೆ. ಕಬ್ಬಿಣದ ತುಕ್ಕು ಹಾಗಲ್ಲ. ಅದು ಉಬ್ಬಿ, ಪುಡಿಯಾಗಿ ಉದುರಿ, ಹೊಸ ಕಬ್ಬಿಣವನ್ನು ಮತ್ತೆ ಗಾಳಿಗೆ ಒಡ್ಡುತ್ತದೆ.

ನಿಧಾನ ಅಂದರೆ ಎಷ್ಟು ನಿಧಾನ? ಲೆಕ್ಕ ಹಾಕೋಣ. ಅಂಗಡಿಯಲ್ಲಿ ಶೀಟ್ ಕೊಳ್ಳುವಾಗ 120 ಜಿಎಸ್‌ಎಂ, 275 ಜಿಎಸ್‌ಎಂ ಅಂತ ಹೇಳುತ್ತಾರೆ. ಒಂದು ಚದರ ಮೀಟರ್ ಶೀಟಿನ ಮೇಲೆ ಎರಡೂ ಕಡೆ ಸೇರಿ ಎಷ್ಟು ಗ್ರಾಂ ಸತು ಇದೆ ಅನ್ನೋ ಅಂಕಿ ಅದು. 120 ಅಂದರೆ ಒಂದು ಕಡೆಗೆ 60 ಗ್ರಾಂ. ಸತುವಿನ ಸಾಂದ್ರತೆ ಘನ ಸೆಂಟಿಮೀಟರಿಗೆ 7.14 ಗ್ರಾಂ. ಭಾಗಿಸಿದರೆ ಪದರದ ದಪ್ಪ ಸುಮಾರು 8.4 ಮೈಕ್ರಾನ್. 275 ಆದರೆ ಒಂದು ಕಡೆಗೆ 137.5 ಗ್ರಾಂ, ದಪ್ಪ ಸುಮಾರು 19 ಮೈಕ್ರಾನ್. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಸಮುದ್ರ ದೂರ ಇರುವ ಸಾಧಾರಣ ಊರಿನ ಗಾಳಿಯಲ್ಲಿ ಸತು ವರ್ಷಕ್ಕೆ ಒಂದು ಮೈಕ್ರಾನ್ ಆಸುಪಾಸು ಸವೆಯುತ್ತದೆ ಅಂತ ಇಟ್ಟುಕೋ. ಮೊದಲನೆಯದು ಎಂಟು ವರ್ಷ, ಎರಡನೆಯದು ಹತ್ತೊಂಬತ್ತು ವರ್ಷ. ಕಾರ್ಖಾನೆಯ ಆಮ್ಲದ ಹೊಗೆ ಇದ್ದರೆ, ಮಂಗಳೂರಿನ ಕಡಲ ತೀರವಾದರೆ ಇದು ಬಹಳ ಕಮ್ಮಿಯಾಗುತ್ತದೆ. ಮನೆ ಮೇಲಿನ ಎರಡು ಶೀಟ್ ನೋಡಲು ಒಂದೇ ಥರ ಇದ್ದರೂ ಒಂದು ಬೇಗ ಕೆಂಪಾಗುವುದಕ್ಕೆ ಹೆಚ್ಚಾಗಿ ಕಾರಣ ಈ ದಪ್ಪವೇ. ಸತು ಮುಗಿದ ದಿನ ಕಾವಲೂ ಮುಗಿಯಿತು.

ಕಾವಲಿಗೆ ಇನ್ನೊಂದು ಮಿತಿಯೂ ಇದೆ. ಸತು ಕಾಯುವುದು ತನ್ನ ಅಂಚಿನಿಂದ ಕೆಲವೇ ಮಿಲಿಮೀಟರ್ ದೂರದವರೆಗೆ. ಗೀರು, ಸ್ಕ್ರೂ ತೂತು, ಶೀಟ್ ಕತ್ತರಿಸಿದ ಅಂಚು, ಇವೆಲ್ಲ ಸರಿ. ಅಂಗೈ ಅಗಲ ಬೋಳಾದರೆ ನಡುವೆ ತುಕ್ಕು ಬಂದೇ ಬರುತ್ತದೆ. ನಮ್ಮಲ್ಲಿ ಒಮ್ಮೆ ಗೇಟಿನ ಆ್ಯಂಗಲ್‌ಗಳ ಒಂದು ಲೋಡ್ ವಾಪಸ್ ಬಂತು. ಕಬ್ಬಿಣವನ್ನು ಕರಗಿದ ಸತುವಿಗೆ, ಸುಮಾರು 450 ಡಿಗ್ರಿಯಲ್ಲಿ, ಅದ್ದುವ ಮೊದಲು ಕಾಸ್ಟಿಕ್‌ನಲ್ಲಿ ಎಣ್ಣೆ ತೆಗೆಯಬೇಕು, ಆಮ್ಲದಲ್ಲಿ ತುಕ್ಕು ತೆಗೆಯಬೇಕು, ತೊಳೆದು ಫ್ಲಕ್ಸಿನಲ್ಲಿ ಅದ್ದಬೇಕು. ಅವತ್ತು ಅವಸರದಲ್ಲಿ ಕಾಸ್ಟಿಕ್ ತೊಟ್ಟಿಯಿಂದ ಬೇಗ ಎತ್ತಿದ್ದೆವು. ಸೀಮೆಸುಣ್ಣದ ಬದಲು ಆಯಿಲ್ ಪೇಂಟಿನಲ್ಲಿ ನಂಬರ್ ಬರೆದಿದ್ದ ಜಾಗದಲ್ಲೆಲ್ಲ ಸತು ಹಿಡಿದೇ ಇರಲಿಲ್ಲ. ಒಂದೇ ಮಳೆಗಾಲಕ್ಕೆ ಆ ನಂಬರುಗಳು ಕೆಂಪಗೆ, ಓದಲು ಬರುವ ಹಾಗೆ ಎದ್ದು ಕಂಡವು. ಅಕ್ಕಪಕ್ಕ ದಪ್ಪ ಸತು ಇದ್ದರೂ ಅಷ್ಟು ದೂರ ಅದರ ಕೈ ನಿಲುಕಲಿಲ್ಲ. ಅಷ್ಟನ್ನೂ ಮತ್ತೆ ಆಮ್ಲಕ್ಕೆ ಹಾಕಿ, ಸತು ಕಿತ್ತು, ಮೊದಲಿಂದ ಮಾಡಿದೆವು.

ಈಗ ನಿನ್ನ ಎಣ್ಣೆ ಟ್ಯೂಬ್. ತುಕ್ಕಿಗೆ ನೀರು, ಆಮ್ಲಜನಕ ಎರಡೂ ಬೇಕು ಅನ್ನೋದನ್ನು ತೋರಿಸಲು ಆ ಪ್ರಯೋಗ. ಅದರಲ್ಲಿ ತುಕ್ಕು ಬಂತು ಅಂದರೆ ಎಲ್ಲಿಂದಲೋ ಆಮ್ಲಜನಕ ಬಂದಿದೆ. ಎಷ್ಟು ಬಂದರೆ ಕಣ್ಣಿಗೆ ಕಾಣುವಷ್ಟು ತುಕ್ಕು ಆಗುತ್ತದೆ ಅಂತ ನೋಡು. ಕುದಿಸದ ನೀರಿನಲ್ಲಿ ಕೋಣೆಯ ಬಿಸಿಯಲ್ಲಿ ಒಂದು ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಕರಗಿರುತ್ತದೆ. ನಿನ್ನ ಟ್ಯೂಬ್‌ನಲ್ಲಿ 15 ಮಿಲಿಲೀಟರ್ ನೀರಿದ್ದರೆ ಅದರಲ್ಲಿ 0.12 ಮಿಲಿಗ್ರಾಂ. ಸಮೀಕರಣ ಹೀಗಿದೆ:

4Fe + 3O₂ → 2Fe₂O₃

96 ಗ್ರಾಂ ಆಮ್ಲಜನಕಕ್ಕೆ 320 ಗ್ರಾಂ ಆಕ್ಸೈಡ್. ಹಾಗಾದರೆ 0.12 ಮಿಲಿಗ್ರಾಂಗೆ 0.4 ಮಿಲಿಗ್ರಾಂ. ನಿಜವಾದ ತುಕ್ಕಿನಲ್ಲಿ ನೀರೂ ಸೇರಿರುವುದರಿಂದ ತೂಕ ಸ್ವಲ್ಪ ಜಾಸ್ತಿ. ಅಷ್ಟು ಚಿಟಿಕೆಗೂ ಬರಲ್ಲ, ಆದರೆ ಮೊಳೆಯ ಮೇಲೆ ಕಂದು ಕಲೆಯಾಗಿ ಚೆನ್ನಾಗಿ ಕಾಣುತ್ತದೆ. ಅಂದರೆ ನೀರು ಸರಿಯಾಗಿ ಕುದಿಯದೆ ಅರ್ಧ ಆಮ್ಲಜನಕ ಉಳಿದುಕೊಂಡರೂ ಸಾಕು, ಕಲೆ ಬರುತ್ತದೆ.

ಎಲ್ಲಿಂದ ಬಂತು ಅನ್ನೋದನ್ನು ಕಲೆ ಎಲ್ಲಿದೆ ಅನ್ನೋದರಿಂದ ಸುಮಾರಾಗಿ ಊಹಿಸಬಹುದು. ಮೊಳೆಯ ಉದ್ದಕ್ಕೂ ತೆಳುವಾಗಿ ಇದ್ದು, ಎರಡು ದಿನ ಬಿಟ್ಟು ನೋಡಿದರೂ ಹೆಚ್ಚಾಗದಿದ್ದರೆ ನೀರಿನಲ್ಲೇ ಉಳಿದಿದ್ದ ಆಮ್ಲಜನಕ. ಒಂದೇ ಚುಕ್ಕೆಯಾಗಿದ್ದರೆ ಮೊಳೆ ಹಾಕುವಾಗ ಅಂಟಿಕೊಂಡ ಗಾಳಿಗುಳ್ಳೆ. ದಿನದಿನಕ್ಕೂ ಹೆಚ್ಚುತ್ತಾ ಹೋದರೆ, ಅದರಲ್ಲೂ ಎಣ್ಣೆಗೆ ಹತ್ತಿರದ ಭಾಗದಲ್ಲಿ, ಎಣ್ಣೆಯ ಮೂಲಕ ಇಳಿಯುತ್ತಿದೆ. ಎಣ್ಣೆ ಆಮ್ಲಜನಕವನ್ನು ಪೂರ್ತಿ ತಡೆಯುವ ಮುಚ್ಚಳ ಅಲ್ಲ. ಅದರಲ್ಲೂ ಆಮ್ಲಜನಕ ಕರಗುತ್ತದೆ, ನಿಧಾನವಾಗಿ ಕೆಳಗೆ ದಾಟುತ್ತದೆ. ನೀನು ತೆಳ್ಳಗೆ ಎರಡು ಹನಿ ಹಾಕಿದ್ದರೆ ಅದು ಏನೂ ಸಾಲದು.

ಮತ್ತೆ ಮಾಡುವಾಗ ಹೀಗೆ ಮಾಡು. ಮೊಳೆಯನ್ನು ಸ್ಯಾಂಡ್ ಪೇಪರಿನಲ್ಲಿ ಉಜ್ಜು, ಅಂಗಡಿ ಮೊಳೆಗೆ ಎಣ್ಣೆಯೋ ಲೇಪನವೋ ಇರಬಹುದು. ನೀರನ್ನು ಹದಿನೈದು ನಿಮಿಷ ಬುಳಬುಳ ಕುದಿಸು. ದೊಡ್ಡವರು ಯಾರಾದರೂ ಪಕ್ಕದಲ್ಲಿರಲಿ. ಬಿಸಿ ಇರುವಾಗಲೇ ಟ್ಯೂಬಿನ ಗೋಡೆಗೆ ತಾಗಿಸಿ ಮೆಲ್ಲಗೆ ಹುಯ್ಯಿ, ಮೇಲಿಂದ ಸುರಿದರೆ ಗಾಳಿ ಮತ್ತೆ ಸೇರುತ್ತದೆ. ಮೊಳೆ ಹಾಕಿ ಟ್ಯೂಬನ್ನು ತಟ್ಟಿ ಗುಳ್ಳೆ ಬಿಡಿಸು. ಎರಡು ಸೆಂಟಿಮೀಟರ್ ದಪ್ಪ ಎಣ್ಣೆ ಹಾಕು, ಬಾಯಿಗೆ ಬಿರಡೆ ಹಾಕು. ಇನ್ನೊಂದು ಮುಖ್ಯ ಮಾತು: ಒಂದು ಟ್ಯೂಬಿಗೆ ಮನೆಯ ಬೋರ್‌ವೆಲ್ ನೀರು, ಎಣ್ಣೆ ಟ್ಯೂಬಿಗೆ ಮಾತ್ರ ಬಟ್ಟಿ ಇಳಿಸಿದ ನೀರು ಹಾಕಿದ್ದರೆ ಹೋಲಿಕೆ ಕೆಟ್ಟಿತು. ಬೋರ್‌ವೆಲ್ ನೀರಿನಲ್ಲಿ ಲವಣ ಜಾಸ್ತಿ, ತುಕ್ಕಿನ ವೇಗಕ್ಕೆ ಅದೂ ಕೈ ಹಾಕುತ್ತದೆ. ಎರಡಕ್ಕೂ ಒಂದೇ ನೀರು ಹಾಕು.

ಸತು ಕಾಯುವುದನ್ನು ಕಣ್ಣಿಗೆ ತೋರಿಸಬೇಕು ಅಂದರೆ ಶಾಲೆಯ ಲ್ಯಾಬಿನಲ್ಲಿ ಟೀಚರ್ ಜೊತೆ ಇದನ್ನು ಮಾಡು. ದಿನಸಿ ಅಂಗಡಿಯಲ್ಲಿ ಸಿಗುವ ಚೀನಾ ಗ್ರಾಸ್ 2 ಗ್ರಾಂ, ನೀರು 200 ಮಿಲಿಲೀಟರ್, ಅರ್ಧ ಚಮಚ ಉಪ್ಪು. ಕುದಿಸಿ ಕರಗಿಸಿ ಒಲೆಯಿಂದ ಇಳಿಸಿ, ಹತ್ತು ಹನಿ ಫೀನಾಫ್ತಲೀನ್, ಚಿಟಿಕೆಯಷ್ಟು ಪೊಟ್ಯಾಸಿಯಂ ಫೆರಿಸಯನೈಡ್ ಸೇರಿಸಬೇಕು. ಫೆರಿಸಯನೈಡ್ ಇರುವ ಪಾತ್ರೆಗೆ ಆಮ್ಲ ತಾಗಿಸಲೇಬಾರದು, ಅದನ್ನು ಟೀಚರೇ ಹಾಕಲಿ. ಮೂರು ತಟ್ಟೆಯಲ್ಲಿ ಉಜ್ಜಿದ ಮೊಳೆ ಇಡು: ಒಂದು ಬರೀ ಮೊಳೆ, ಒಂದಕ್ಕೆ ಸತುವಿನ ಪಟ್ಟಿ ಬಿಗಿಯಾಗಿ ಸುತ್ತಿದ್ದು, ಒಂದಕ್ಕೆ ತಾಮ್ರದ ತಂತಿ ಸುತ್ತಿದ್ದು. ದ್ರಾವಣ ಹುಯ್ದು ಹೆಪ್ಪುಗಟ್ಟಲು ಬಿಡು. ಕಬ್ಬಿಣ ಕರಗುವ ಕಡೆ ಕಡು ನೀಲಿ, ಆಮ್ಲಜನಕ ಎಲೆಕ್ಟ್ರಾನು ತೆಗೆದುಕೊಳ್ಳುವ ಕಡೆ ಗುಲಾಬಿ. ಮಾರನೇ ದಿನಕ್ಕೆ ಬರೀ ಮೊಳೆಯಲ್ಲಿ ಎರಡೂ ಬಣ್ಣ ಕಾಣುತ್ತದೆ, ನೀಲಿ ಸಾಮಾನ್ಯವಾಗಿ ತಲೆಯಲ್ಲಿ, ತುದಿಯಲ್ಲಿ. ತಾಮ್ರದ ತಟ್ಟೆಯಲ್ಲಿ ತಂತಿಯ ಸುತ್ತ ಗುಲಾಬಿ, ಮೊಳೆಯ ಸುತ್ತ ನೀಲಿ. ಸತುವಿನ ತಟ್ಟೆಯಲ್ಲಿ ಮೊಳೆ ಗುಲಾಬಿಯಾಗುತ್ತದೆ, ನೀಲಿ ಇರುವುದಿಲ್ಲ. ಅಲ್ಲಿ ನೀಲಿ ಕಂಡರೆ ಸತುವಿನ ಪಟ್ಟಿ ಮೊಳೆಗೆ ಸರಿಯಾಗಿ ತಾಗಿಲ್ಲ ಅಂತ ಅರ್ಥ. ಪಟ್ಟಿಯನ್ನೂ ಉಜ್ಜಿ, ಬಿಗಿ ಮಾಡಿ, ಮತ್ತೆ ಇಡು. ಮೂರೂ ತಟ್ಟೆಯ ಫೋಟೋವನ್ನು ಒಂದು ಗಂಟೆ ಕಳೆದ ಮೇಲೆ, ಆಮೇಲೆ ಮಾರನೇ ದಿನ ಅದೇ ಹೊತ್ತಿಗೆ ತೆಗೆದು, ನಿನ್ನ ಎಣ್ಣೆ ಟ್ಯೂಬಿನ ತುಕ್ಕಿನ ಫೋಟೋ ಪಕ್ಕದಲ್ಲೇ ಅಂಟಿಸು.